88 ಸೆಕೆಂಡಿನ ಸಂಗೀತ, 220 ಸೆಕೆಂಡಿನ ವಿಡಿಯೊ: ಯಾವ ಬೆಸುಗೆ ಎಲ್ಲಿಗೆ ಹೊಂದುತ್ತದೆ?

ವಿಡಿಯೊ ಉದ್ದವಾಗಿದ್ದು ಸಂಗೀತ ಗಿಡ್ಡವಾಗಿದ್ದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಅದೇ ಟ್ರ್ಯಾಕನ್ನು ಮತ್ತೊಮ್ಮೆ ಪಕ್ಕದಲ್ಲಿ ತಂದಿಟ್ಟು, ನಡುವೆ ಒಂದರ ಸದ್ದು ಇಳಿಯುತ್ತ ಇನ್ನೊಂದರದು ಏರುವ ಒಂದು ಕ್ರಾಸ್‌ಫೇಡ್ ಎಳೆಯುವುದು. ಕೆಲವು ಸಂಗೀತಕ್ಕೆ ಅದು ನಿಜವಾಗಿಯೂ ಸಾಕಾಗುತ್ತದೆ. ಉಳಿದವುಗಳಲ್ಲಿ ಆ ಜಾಗಕ್ಕೆ ಬಂದಾಗ ಕೇಳುಗನ ಕಾಲು ಎಡವಿದಂತಾಗುತ್ತದೆ, ಆದರೆ ಎಡವಿದ್ದು ಯಾಕೆ ಎಂಬುದು ಅವನಿಗೂ ತಿಳಿಯುವುದಿಲ್ಲ, ಎಷ್ಟೋ ಸಲ ಸಂಕಲನ ಮಾಡಿದವರಿಗೂ ತಿಳಿಯುವುದಿಲ್ಲ. ನೇರ ಕತ್ತರಿ, ಉದ್ದನೆಯ ಕ್ರಾಸ್‌ಫೇಡ್, ತಾಳ ಎಣಿಸಿ ಹಿಂದಕ್ಕೆ ಜಿಗಿಯುವ ಲೂಪ್, ತಂತ್ರಾಂಶವೇ ಉದ್ದ ಮಾಡಿಕೊಡುವ ಸೌಲಭ್ಯ, ಇವುಗಳಲ್ಲಿ ಯಾವುದನ್ನು ಆರಿಸಬೇಕು ಎಂಬ ಗೊಂದಲದಲ್ಲಿರುವವರಿಗಾಗಿ ಈ ಹೋಲಿಕೆಯನ್ನು ಬರೆದಿದ್ದೇನೆ. ನಾನೇ ಇತ್ತೀಚೆಗೆ ಮಾಡಿದ ಒಂದು ಕೆಲಸವನ್ನು ಉದಾಹರಣೆಯಾಗಿ ಕೊನೆಯವರೆಗೂ ಜೊತೆಗಿಟ್ಟುಕೊಳ್ಳುತ್ತೇನೆ.

ವಿಡಿಯೊ ಮಲೆನಾಡಿನ ಒಂದು ಹಾಳೆತಟ್ಟೆ ಘಟಕದ ಬಗ್ಗೆ, ಉದ್ದ 220 ಸೆಕೆಂಡ್. ಸಂಗೀತ ಇಬ್ಬರು ಗೆಳೆಯರು ನುಡಿಸಿಕೊಟ್ಟ ಕೊಳಲು ಮತ್ತು ಮೃದಂಗ, ಉದ್ದ 88 ಸೆಕೆಂಡ್. ಆದಿತಾಳ, ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಕ್ಲಿಕ್ ಕೇಳಿಸಿಕೊಂಡು, ನಿಮಿಷಕ್ಕೆ 96 ಅಕ್ಷರಗಳ ವೇಗದಲ್ಲಿ ನುಡಿಸಿದ್ದು. ಒಂದು ಅಕ್ಷರಕ್ಕೆ 0.625 ಸೆಕೆಂಡ್ ಆದರೆ ಎಂಟು ಅಕ್ಷರಗಳ ಒಂದು ಆವರ್ತಕ್ಕೆ ಸರಿಯಾಗಿ 5 ಸೆಕೆಂಡ್. ಮೊದಲ ಎರಡು ಆವರ್ತ ಕೊಳಲೊಂದೇ. ಆಮೇಲೆ ನಾಲ್ಕು ನಾಲ್ಕು ಆವರ್ತಗಳ ಮೂರು ಭಾಗಗಳು, ಅವುಗಳನ್ನು ‘ಅ’, ‘ಆ’, ‘ಇ’ ಎಂದು ಕರೆಯೋಣ. ಕೊನೆಗೆ ಎರಡು ಆವರ್ತಗಳ ಮುಕ್ತಾಯ. ಕೊನೆಯ ಪೆಟ್ಟು 80ನೆಯ ಸೆಕೆಂಡಿಗೆ ಬೀಳುತ್ತದೆ, ಅದರ ನಾದ ಅಡಗಲು ಇನ್ನು 8 ಸೆಕೆಂಡ್ ಹಿಡಿಯುತ್ತದೆ.

ಅಳೆಯಬೇಕಾದದ್ದು ಏನನ್ನು

ಬೆಸುಗೆ ಕೇಳಿಸಿತು ಎಂದು ನಾವು ಒಂದೇ ಮಾತಿನಲ್ಲಿ ಹೇಳಿದರೂ ಅದರ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ. ವಿಧಾನಗಳನ್ನು ತೂಗುವ ಮೊದಲು ಆ ಕಾರಣಗಳನ್ನು ಬೇರ್ಪಡಿಸಿಕೊಳ್ಳಬೇಕು.

ಮೊದಲನೆಯದು ಲಯ. ಜಿಗಿದ ಮೇಲೆ ಬರುವ ಪೆಟ್ಟು, ಜಿಗಿಯದಿದ್ದರೆ ಎಲ್ಲಿ ಬೀಳುತ್ತಿತ್ತೋ ಅಲ್ಲಿಯೇ ಬೀಳಬೇಕು. ಎರಡನೆಯದು ಸದ್ದಿನ ಮಟ್ಟ. ಕ್ರಾಸ್‌ಫೇಡಿನ ನಡುವೆ ಸದ್ದು ಕುಸಿಯಲೂ ಬಾರದು, ಉಬ್ಬಲೂ ಬಾರದು. ಮೂರನೆಯದು ನಾದದ ಬಾಲ. ಹಿಂದಿನ ಸ್ವರ ಮತ್ತು ಕೋಣೆಯ ಅನುರಣನ ತಾವಾಗಿ ಅಡಗುವ ಮೊದಲೇ ಕತ್ತರಿಸಿದರೆ, ಲಯ ಎಷ್ಟೇ ಸರಿಯಿದ್ದರೂ ಬಾಗಿಲು ಧಡಾರನೆ ಹಾಕಿದಂತೆ ಕೇಳಿಸುತ್ತದೆ. ನಾಲ್ಕನೆಯದು ಪುನರಾವರ್ತನೆಯ ಗುರುತು. ಬೆಸುಗೆ ಎಷ್ಟೇ ನುಣುಪಾಗಿರಲಿ, ಎಲ್ಲರಿಗೂ ನೆನಪುಳಿಯುವಂಥ ಒಂದು ಗಮಕ ಪ್ರತಿ 40 ಸೆಕೆಂಡಿಗೊಮ್ಮೆ ಮರಳಿ ಬಂದರೆ ಕೇಳುಗ ಹಿಡಿದುಬಿಡುತ್ತಾನೆ. ಇವುಗಳ ಜೊತೆಗೆ ಹಣ ಮತ್ತು ಸಮಯದ ಲೆಕ್ಕ ಹೇಗೂ ಇದ್ದೇ ಇದೆ.

ಈ ಮಾನದಂಡಗಳು ಎಲ್ಲ ಸಂಗೀತಕ್ಕೂ ಸಮನಾದ ತೂಕದವಲ್ಲ. ಬರಿಯ ತಂಬೂರಿಯ ಶ್ರುತಿಯಲ್ಲಿ ಮೊದಲನೆಯದು ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ, ಎರಡನೆಯದೇ ಎಲ್ಲ. ಮೃದಂಗವೋ ಡ್ರಮ್ಸೋ ಇರುವ ಕಡೆ ಮೊದಲನೆಯದು ಕೆಟ್ಟರೆ ಉಳಿದದ್ದು ಸರಿಯಿದ್ದೂ ಪ್ರಯೋಜನವಿಲ್ಲ.

ಕೊನೆಯನ್ನು ಮೊದಲಿಗೆ ಬೆಸೆಯುವುದು

ಇಡೀ ಟ್ರ್ಯಾಕ್ ಮುಗಿಯುತ್ತಿರುವಾಗಲೇ ಅದರ ಎರಡನೆಯ ಪ್ರತಿಯನ್ನು ಆರಂಭಿಸಿ, ಎರಡರಿಂದ ಐದು ಸೆಕೆಂಡಿನ ಕ್ರಾಸ್‌ಫೇಡ್ ಹಾಕುವುದು ಅತ್ಯಂತ ಸುಲಭದ ದಾರಿ. ಯಾವ ಸಂಕಲನ ತಂತ್ರಾಂಶದಲ್ಲಾದರೂ, ಫೋನಿನಲ್ಲಿಯೂ, ಎರಡು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಆರಂಭ ಮತ್ತು ಮುಕ್ತಾಯಗಳಿರುವ ಸಂಗೀತಕ್ಕೆ ಇದು ಒಗ್ಗುವುದಿಲ್ಲ, ಏಕೆಂದರೆ ಸಂಗೀತ ಒಮ್ಮೆ ಮುಗಿದು ಮತ್ತೆ ಶುರುವಾದದ್ದು ಸ್ಪಷ್ಟವಾಗಿಯೇ ಕೇಳಿಸುತ್ತದೆ. ವಿಡಿಯೊದಲ್ಲಿಯೂ ಅದೇ ಹೊತ್ತಿಗೆ ಒಂದು ಅಧ್ಯಾಯ ಮುಗಿದು ಇನ್ನೊಂದು ಶುರುವಾಗುವಂತಿದ್ದರೆ ಮಾತ್ರ ಆ ದೋಷವೇ ಗುಣವಾದೀತು.

ಈ ವಿಧಾನ ಚೆನ್ನಾಗಿ ಹೊಂದುವುದು ಲಯವಿಲ್ಲದ ಸಂಗೀತಕ್ಕೆ: ತಂಬೂರಿ, ಸಿಂಥ್‌ನ ಉದ್ದನೆಯ ಸ್ವರಗಳು, ಮಳೆ ಅಥವಾ ತೊರೆಯ ಸದ್ದು. ಅಲ್ಲಿಯೂ ಒಂದು ಮಾತನ್ನು ನೆನಪಿಡಬೇಕು. ಟ್ರ್ಯಾಕಿನ ತಲೆಯಲ್ಲಿ ಮೊದಲೇ ಇರುವ ಏರಿಕೆಯನ್ನೂ ಕೊನೆಯಲ್ಲಿರುವ ಇಳಿಕೆಯನ್ನೂ ಕತ್ತರಿಸಿ ಹಾಕಿ, ಮಟ್ಟ ಸಮನಾಗಿರುವ ನಡುಭಾಗವನ್ನು ಮಾತ್ರ ಬೆಸೆಯಬೇಕು. ಇಳಿಯುತ್ತಿರುವ ಸದ್ದಿನ ಮೇಲೆ ಮತ್ತೊಂದು ಇಳಿಕೆಯನ್ನು ಹೇರಿದರೆ ನಡುವೆ ಹಳ್ಳ ಬೀಳುವುದು ಖಂಡಿತ. ತಂಬೂರಿಯಾದರೆ ಮೀಟುಗಳ ಸುತ್ತನ್ನೂ ಗಮನಿಸಬೇಕು. ಪಂಚಮದಿಂದ ಮಂದ್ರ ಷಡ್ಜದವರೆಗಿನ ನಾಲ್ಕು ಮೀಟುಗಳಲ್ಲಿ, ಹೋಗುವ ತುಣುಕಿನ ಪಂಚಮದ ಜಾಗಕ್ಕೆ ಬರುವ ತುಣುಕಿನ ಪಂಚಮವೇ ಬಂದು ಕೂರದಿದ್ದರೆ, ಕ್ರಾಸ್‌ಫೇಡಿನ ಅಷ್ಟು ಹೊತ್ತು ಇಬ್ಬರು ಬೇರೆ ಬೇರೆಯಾಗಿ ತಂಬೂರಿ ಮೀಟುತ್ತಿರುವಂತೆ ಕೇಳುತ್ತದೆ.

ಇಂಥ ಬೆಸುಗೆಗೆ ತಂತ್ರಾಂಶದ ಕಿಟಕಿಯನ್ನೇ ತೆರೆಯಬೇಕೆಂದಿಲ್ಲ. ಎಫ್‌ಎಫ್‌ಎಂಪೆಗ್ ಬಳಸಿ ಅಭ್ಯಾಸವಿರುವವರಿಗೆ ಒಂದು ಸಾಲು ಸಾಕು:

```
ffmpeg -i a.wav -i b.wav -filter_complex "acrossfade=d=3:c1=qsin:c2=qsin" out.wav
```

ಇಲ್ಲಿ ಎರಡು ಕಡತಗಳ ಒಟ್ಟು ಉದ್ದಕ್ಕಿಂತ ಫಲಿತಾಂಶ 3 ಸೆಕೆಂಡ್ ಕಡಿಮೆ ಇರುತ್ತದೆ, ಏಕೆಂದರೆ ಅಷ್ಟು ಭಾಗ ಒಂದರ ಮೇಲೊಂದು ಕೂತಿದೆ. ಶ್ರುತಿಗೆ ಇದು ಬಾಧಕವಲ್ಲ. ತಾಳವಿರುವ ಸಂಗೀತವನ್ನು ಮಾತ್ರ ಹೀಗೆ ಕುರುಡಾಗಿ ಬೆಸೆದರೆ ಕ್ರಾಸ್‌ಫೇಡ್ ಎಷ್ಟು ಉದ್ದವೋ ಅಷ್ಟು ತಾಳವನ್ನು ತಿಂದುಹಾಕುತ್ತದೆ.

ಯಾವ ಇಳಿಜಾರು: ಒಂದು ಸಣ್ಣ ವಿವರಣೆ

ಆದೇಶದಲ್ಲಿರುವ `qsin` ಎಂಬುದು ಕ್ರಾಸ್‌ಫೇಡಿನ ಇಳಿಜಾರಿನ ಆಕಾರ. ಆಡಾಸಿಟಿ ಎಂಬ ಧ್ವನಿ ತಂತ್ರಾಂಶದ `Crossfade Tracks` ನಲ್ಲಿ `Constant Gain`, `Constant Power` ಎಂದು ಕಾಣುವುದೂ ಇದೇ ವಿಚಾರ. ಎಲ್ಲ ವಿಧಾನಗಳಿಗೂ ಇದು ಬೇಕಾದ್ದರಿಂದ ಸ್ವಲ್ಪ ನಿಂತು ನೋಡುವುದು ಒಳ್ಳೆಯದು.

ನೇರ ಗೆರೆಯ ಇಳಿಜಾರಿನಲ್ಲಿ, ನಡುಬಿಂದುವಿನಲ್ಲಿ ಎರಡೂ ಸದ್ದುಗಳು ಅರ್ಧರ್ಧಕ್ಕೆ ಇಳಿದಿರುತ್ತವೆ. ಎರಡೂ ಒಂದೇ ಅಲೆಯಾಗಿದ್ದರೆ ಅರ್ಧಕ್ಕೆ ಅರ್ಧ ಕೂಡಿ ಮತ್ತೆ ಒಂದಾಗುತ್ತದೆ, ಮಟ್ಟ ಕದಲುವುದಿಲ್ಲ. ಆದರೆ ಎರಡು ಬೇರೆ ಬೇರೆ ಸದ್ದುಗಳ ಅಲೆಗಳು ಕೆಲವೆಡೆ ಕೂಡುತ್ತವೆ, ಕೆಲವೆಡೆ ಕಳೆಯುತ್ತವೆ. ಆದ್ದರಿಂದ ನಡುವೆ ಸುಮಾರು 3 ಡೆಸಿಬೆಲ್‌ನಷ್ಟು ಕುಸಿತ ಉಂಟಾಗುತ್ತದೆ. ಸಮಶಕ್ತಿಯ, ಅಂದರೆ `qsin` ಅಥವಾ `Constant Power` ಇಳಿಜಾರು ಇದನ್ನು ಸರಿಪಡಿಸಲೆಂದೇ ನಡುಬಿಂದುವಿನಲ್ಲಿ ಎರಡನ್ನೂ ಅರ್ಧದ ಬದಲು ಸುಮಾರು 0.7 ರಷ್ಟರಲ್ಲಿ ಇಡುತ್ತದೆ. ಅದನ್ನೇ ಒಂದೇ ಅಲೆಯ ಎರಡು ಪ್ರತಿಗಳಿಗೆ ಹಾಕಿದರೆ 1.4 ರಷ್ಟಾಗಿ, 3 ಡೆಸಿಬೆಲ್ ಉಬ್ಬು ಬರುತ್ತದೆ.

ಹಾಗಾಗಿ ಮನುಷ್ಯರು ನುಡಿಸಿದ ಸಂಗೀತದ ಎರಡು ಬೇರೆ ಜಾಗಗಳನ್ನು ಬೆಸೆಯುವಾಗ ಸಮಶಕ್ತಿಯ ಇಳಿಜಾರನ್ನೂ, ಕಂಪ್ಯೂಟರಿನಲ್ಲಿ ಒಂದೇ ಮಾದರಿಯನ್ನು ಮತ್ತೆ ಮತ್ತೆ ಅಂಟಿಸಿ ಮಾಡಿದ ಸಂಗೀತದಲ್ಲಿ ನೇರ ಇಳಿಜಾರನ್ನೂ ಮೊದಲು ಪ್ರಯತ್ನಿಸಬೇಕು. ಸಂದೇಹವಿದ್ದರೆ ಎರಡನ್ನೂ ಹಾಕಿ ಕೇಳುವುದೇ ಮೇಲು. ಕ್ರಾಸ್‌ಫೇಡ್ 20 ಮಿಲಿಸೆಕೆಂಡಿಗಿಂತ ಚಿಕ್ಕದಾಗಿದ್ದರೆ ಈ ವ್ಯತ್ಯಾಸ ಕಿವಿಗೆ ಹತ್ತುವುದು ಅಪರೂಪ, ಆಗ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ತಾಳ ಎಣಿಸಿ ಸಮದಲ್ಲಿ ಕತ್ತರಿಸುವುದು

ಲಯವಿರುವ ಸಂಗೀತಕ್ಕೆ ಇದು ಮೂಲ ವಿಧಾನ. ಟ್ರ್ಯಾಕಿನ ಆರಂಭಕ್ಕೂ ಮುಕ್ತಾಯಕ್ಕೂ ಕೈ ಹಾಕದೆ, ನಡುವಿನ ಭಾಗದಲ್ಲಿ ಒಂದು ಆವರ್ತದ ಸಮದಿಂದ, ಅಂದರೆ ಮೊದಲ ಪೆಟ್ಟಿನಿಂದ, ಹಿಂದಿನ ಮತ್ತೊಂದು ಆವರ್ತದ ಸಮಕ್ಕೆ ಜಿಗಿಯುತ್ತೇವೆ. ಜಿಗಿತದ ಅಳತೆ ಪೂರ್ಣ ಆವರ್ತಗಳಲ್ಲಿರಬೇಕು. ಚತುರಶ್ರ ಲಯದ ಪಾಶ್ಚಾತ್ಯ ಶೈಲಿಯ ಟ್ರ್ಯಾಕಾದರೆ ನಾಲ್ಕು ಅಥವಾ ಎಂಟು ಬಾರ್‌ಗಳ ಲೆಕ್ಕ ಸರಿಹೋಗುತ್ತದೆ. ಆದಿತಾಳದಲ್ಲಿ ನಾಲ್ಕು ಅಕ್ಷರ ಜಿಗಿದರೂ ಪೆಟ್ಟುಗಳು ಸಾಲಾಗಿಯೇ ಬೀಳುತ್ತವೆ, ಆದರೆ ಸಮ ಇರಬೇಕಾದಲ್ಲಿ ಆವರ್ತದ ನಡುಭಾಗ ಬಂದಿರುತ್ತದೆ. ತಾಳ ಹಾಕಿಕೊಂಡು ಕೇಳುವವರ ಕೈ ಅಲ್ಲೇ ನಿಂತುಬಿಡುತ್ತದೆ. ಮಿಶ್ರಛಾಪಿನಂಥ ಏಳರ ಲೆಕ್ಕದಲ್ಲಿ ತಪ್ಪಿದರಂತೂ ತಾಳ ತಿಳಿಯದವರಿಗೂ ಗೊತ್ತಾಗುತ್ತದೆ.

ಕತ್ತರಿಯನ್ನು ಸಮದ ಪೆಟ್ಟಿನ ಮೇಲೆ ಇಡಬಾರದು, ಅದರ ಕೂದಲೆಳೆಯಷ್ಟು ಹಿಂದೆ ಇಡಬೇಕು. ಪೆಟ್ಟಿಗೆ 10ರಿಂದ 15 ಮಿಲಿಸೆಕೆಂಡ್ ಮೊದಲು ಕತ್ತರಿಸಿ, ಪೆಟ್ಟು ಬೀಳುವುದರೊಳಗೆ ಮುಗಿಯುವ 10 ಮಿಲಿಸೆಕೆಂಡಿನ ಕ್ರಾಸ್‌ಫೇಡ್ ಹಾಕಿದರೆ, ಅದರ ಹಿಂದೆಯೇ ಬರುವ ಜೋರಾದ ಪೆಟ್ಟು ಆ ಬೆಸುಗೆಯನ್ನು ನುಂಗಿಕೊಳ್ಳುತ್ತದೆ. ಕ್ರಾಸ್‌ಫೇಡ್ ಪೆಟ್ಟನ್ನು ದಾಟಿ ಹೋದರೆ ಹಳೆಯ ತುಣುಕಿನ ಪೆಟ್ಟು ಮತ್ತು ಹೊಸ ತುಣುಕಿನ ಪೆಟ್ಟು ಎರಡೂ ಕೇಳುತ್ತವೆ. ಅವೆರಡರ ನಡುವೆ ಇಪ್ಪತ್ತು ಮಿಲಿಸೆಕೆಂಡಿನಷ್ಟು ವ್ಯತ್ಯಾಸವಿದ್ದರೂ ‘ತ’ ಎನ್ನಬೇಕಾದದ್ದು ‘ತ್ರ’ ಎಂದಂತಾಗುತ್ತದೆ.

ಅಲೆ ಸೊನ್ನೆಯ ಗೆರೆಯನ್ನು ದಾಟುವ ಜಾಗದಲ್ಲೇ ಕತ್ತರಿಸಬೇಕು ಎಂಬ ಸಲಹೆಯನ್ನು ಎಲ್ಲರೂ ಕೇಳಿರುತ್ತಾರೆ. ಆಡಾಸಿಟಿಯಲ್ಲಿ ಅದಕ್ಕೆಂದೇ `Z` ಕೀಲಿ ಇದೆ. ಟಿಕ್ ಎಂಬ ಸದ್ದು ಬರದಿರಲು ಅದು ಸಹಾಯಕವೇ. ಆದರೆ ಸ್ಟೀರಿಯೊ ಟ್ರ್ಯಾಕಿನಲ್ಲಿ ಎಡ ಮತ್ತು ಬಲ ಅಲೆಗಳು ಒಂದೇ ಕ್ಷಣದಲ್ಲಿ ಸೊನ್ನೆ ದಾಟುವುದು ಅಪರೂಪ. ದಾಟಿದರೂ ಹೋಗುವ ತುಣುಕಿನಲ್ಲಿ ಅಲೆ ಏರುತ್ತಿದ್ದು ಬರುವ ತುಣುಕಿನಲ್ಲಿ ಇಳಿಯುತ್ತಿದ್ದರೆ ಮೊನಚು ಉಳಿದೇ ಇರುತ್ತದೆ. 10 ಮಿಲಿಸೆಕೆಂಡಿನ ಕ್ರಾಸ್‌ಫೇಡ್ ಇದ್ದಲ್ಲಿ ಸೊನ್ನೆಯನ್ನು ಹುಡುಕುತ್ತ ಕೂರುವ ಅಗತ್ಯ ನನಗಂತೂ ಬಿದ್ದಿಲ್ಲ.

ಈ ವಿಧಾನಕ್ಕೆ ಎರಡು ಮಿತಿಗಳಿವೆ. ಒಂದು, ವಿಡಿಯೊ ಸಂಕಲನ ತಂತ್ರಾಂಶಗಳು ಸಾಮಾನ್ಯವಾಗಿ ಫ್ರೇಮಿನ ಲೆಕ್ಕದಲ್ಲಿ ಕತ್ತರಿಸುತ್ತವೆ. ಸೆಕೆಂಡಿಗೆ 25 ಫ್ರೇಮಾದರೆ ಒಂದು ಫ್ರೇಮ್ 40 ಮಿಲಿಸೆಕೆಂಡ್. ನನ್ನ ಅದೃಷ್ಟಕ್ಕೆ 5 ಸೆಕೆಂಡಿನ ಆವರ್ತ ಸರಿಯಾಗಿ 125 ಫ್ರೇಮಿಗೆ ಬರುತ್ತಿತ್ತು. ಅದೇ ಸಂಗೀತ 98ರ ವೇಗದಲ್ಲಿದ್ದಿದ್ದರೆ ಆವರ್ತ 122.45 ಫ್ರೇಮ್ ಆಗುತ್ತಿತ್ತು, ಪ್ರತಿ ಬೆಸುಗೆಯೂ ಸ್ವಲ್ಪ ಮುಂದೆಯೋ ಹಿಂದೆಯೋ ಬೀಳುತ್ತಿತ್ತು. ಆದ್ದರಿಂದ ಸಂಗೀತವನ್ನು ಆಡಾಸಿಟಿ ಅಥವಾ ರೀಪರ್‌ನಂಥ ಧ್ವನಿ ತಂತ್ರಾಂಶದಲ್ಲಿ ಮೊದಲು ಉದ್ದ ಮಾಡಿಕೊಂಡು, ಸಿದ್ಧವಾದ ಒಂದೇ ಕಡತವನ್ನು ವಿಡಿಯೊದ ಕೆಳಗೆ ಇಡುವುದು ಕ್ಷೇಮ. ಡಾವಿಂಚಿ ರಿಸಾಲ್ವ್ ಬಳಸುವವರಿಗೆ ಉಚಿತ ಆವೃತ್ತಿಯಲ್ಲಿಯೂ `Fairlight` ಪುಟವಿದೆ, ಅಲ್ಲಿ ಫ್ರೇಮಿಗಿಂತ ಸೂಕ್ಷ್ಮವಾಗಿ ಕತ್ತರಿಸಬಹುದು.

ಎರಡನೆಯ ಮಿತಿ ಹೆಚ್ಚು ಗಂಭೀರವಾದದ್ದು: ಸಮದಲ್ಲಿ ಕತ್ತರಿಸಿದಾಗ ನಾದದ ಬಾಲ ತುಂಡಾಗುತ್ತದೆ. ಹಿಂದಿನ ಭಾಗದ ಕೊನೆಯ ಸ್ವರ ಸಮವನ್ನು ದಾಟಿ ಗುಂಯ್‌ಗುಡುತ್ತಿರುವಾಗಲೇ ಅದನ್ನು ನಿಲ್ಲಿಸುತ್ತೇವೆ. ಹಳೆಯ ತುಣುಕನ್ನು ಅರ್ಧ ಸೆಕೆಂಡ್ ಹೆಚ್ಚು ಉಳಿಸಿ ನಿಧಾನವಾಗಿ ಇಳಿಸೋಣವೆಂದರೆ ಅದರಲ್ಲಿ ಮುಂದಿನ ಭಾಗದ ಪೆಟ್ಟೂ ಸೇರಿರುತ್ತದೆ. ಒಣ ಸದ್ದಿನ, ಅನುರಣನ ಕಡಿಮೆಯಿರುವ ಸಂಗೀತಕ್ಕೆ ಇದು ತೊಡಕಲ್ಲ. ಕೊಳಲಿಗೆ ಖಂಡಿತ ತೊಡಕು.

ಜಿಗಿತದ ಉದ್ದ ಇಟ್ಟುಕೊಂಡು ಜಾಗ ಬದಲಿಸುವುದು

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ವಿಧಾನ. ತಾಳ ನಮ್ಮನ್ನು ಕಟ್ಟಿಹಾಕುವುದು ಜಿಗಿತದ ಉದ್ದದ ವಿಷಯದಲ್ಲಿ ಮಾತ್ರ, ಜಿಗಿಯುವ ಜಾಗದ ವಿಷಯದಲ್ಲಿ ಅಲ್ಲ. 70ನೆಯ ಸೆಕೆಂಡಿನಿಂದ 30ಕ್ಕೆ ಜಿಗಿದರೂ, 67.5ರಿಂದ 27.5ಕ್ಕೆ ಜಿಗಿದರೂ ಹಿಂದೆ ಹೋಗುವುದು ಎಂಟು ಆವರ್ತವೇ. ಹಾಗಾಗಿ ಎರಡೂ ಬಿಂದುಗಳನ್ನು ಕೈ ಹಿಡಿಸಿಕೊಂಡಂತೆ ಒಟ್ಟಿಗೆ ಹಿಂದಕ್ಕೆ ಮುಂದಕ್ಕೆ ಸರಿಸುತ್ತ, ಸಂಗೀತ ತೆಳುವಾಗಿರುವ ಜಾಗವನ್ನು ಹುಡುಕಬಹುದು. ಕೊಳಲಿನವರು ಉಸಿರೆಳೆದುಕೊಳ್ಳುವಲ್ಲಿ, ಮೃದಂಗದ ಒಂದು ನುಡಿ ಅಡಗಿ ಇನ್ನೊಂದು ಬರುವುದರೊಳಗೆ ಅಂಥ ಕಿಂಡಿಗಳು ಇದ್ದೇ ಇರುತ್ತವೆ. 96ರ ವೇಗದಲ್ಲಿ ಮೃದಂಗ ಅರೆ ಅಕ್ಷರಕ್ಕೊಮ್ಮೆ ನುಡಿಯುತ್ತಿದ್ದರೂ ಎರಡು ನುಡಿಗಳ ನಡುವೆ 0.31 ಸೆಕೆಂಡ್ ಸಿಗುತ್ತದೆ. ಕಾಲು ಸೆಕೆಂಡಿನ ಸಮಶಕ್ತಿಯ ಕ್ರಾಸ್‌ಫೇಡಿಗೆ ಅಷ್ಟು ಸಾಕು.

ಈಗ ಹಾಳೆತಟ್ಟೆಯ ವಿಡಿಯೊಗೆ ಬರೋಣ. ಕೊನೆಯ ಪೆಟ್ಟು 212ನೆಯ ಸೆಕೆಂಡಿಗೆ, ಶೀರ್ಷಿಕೆ ಮೂಡುವ ಹೊತ್ತಿಗೆ ಬೀಳಬೇಕಿತ್ತು. ನಾದ ಅಡಗುವಷ್ಟರಲ್ಲಿ 220 ಆಗುತ್ತದೆ. ಮೂಲದಲ್ಲಿ ಆ ಪೆಟ್ಟು 80ರಲ್ಲಿದೆ. ಅಂದರೆ 132 ಸೆಕೆಂಡ್ ಸೇರಿಸಬೇಕು. ಅದು 26.4 ಆವರ್ತ, ಪೂರ್ಣಸಂಖ್ಯೆಯಲ್ಲ. 26 ಆವರ್ತ ಸೇರಿಸಿದರೆ 2 ಸೆಕೆಂಡ್ ಕೊರತೆ ಬೀಳುತ್ತದೆ. ಇಂಥ ಉಳಿಕೆಯನ್ನು ಹೊಂದಿಸಲು ಸಂಗೀತವನ್ನು ಹಿಗ್ಗಿಸುವುದೂ ಒಂದು ದಾರಿ: 210 ಸೆಕೆಂಡನ್ನು 212 ಮಾಡಲು ಶೇಕಡಾ 1ಕ್ಕಿಂತ ಕಡಿಮೆ ಹಿಗ್ಗಿಸಿದರೆ ಸಾಕು, ಶ್ರುತಿ ಬದಲಾಗದಂತೆ ಹಿಗ್ಗಿಸುವ ಸೌಲಭ್ಯ ಆಡಾಸಿಟಿಯಲ್ಲಿಯೂ ಇದೆ. ಹಾಗೆ ಮಾಡದೆ, ಮೊದಲ 2 ಸೆಕೆಂಡ್ ಹಾಳೆಯನ್ನು ನೀರಿನಿಂದ ಎತ್ತುವ ಸದ್ದನ್ನಷ್ಟೇ ಬಿಟ್ಟು ಸಂಗೀತವನ್ನು ತಡವಾಗಿ ಆರಂಭಿಸಿದೆ. ಹಿಗ್ಗಿಸಿದ ಮೃದಂಗದ ನುಡಿಯ ಅಂಚು ಮಬ್ಬಾಗುವುದು ನನಗೆ ಇಷ್ಟವಿಲ್ಲ. ಬರಿಯ ಶ್ರುತಿಯ ಸಂಗೀತವಾಗಿದ್ದರೆ ಹಿಗ್ಗಿಸಿಯೇ ಬಿಡುತ್ತಿದ್ದೆ.

ಸೇರಬೇಕಾದ 26 ಆವರ್ತಗಳನ್ನು ಹೀಗೆ ಹಂಚಿದೆ: ಮೊದಲು ‘ಅ’, ‘ಆ’, ‘ಇ’ ಪೂರ್ತಿ, ಆಮೇಲೆ ‘ಆ’, ‘ಇ’, ಆಮೇಲೆ ‘ಅ’, ‘ಆ’, ಕೊನೆಗೆ ‘ಅ’ ಭಾಗದ ಕೊನೆಯ ಎರಡು ಆವರ್ತ, ‘ಆ’, ‘ಇ’, ಅಲ್ಲಿಂದ ಮೂಲದಲ್ಲಿದ್ದಂತೆಯೇ ಮುಕ್ತಾಯ. 12, 8, 8 ಮತ್ತು 10 ಸೇರಿ 38 ಆವರ್ತ. ಮೂಲದ 12 ಕಳೆದರೆ 26. ಅದೇ ಮೂರು ಭಾಗಗಳನ್ನು ಅದೇ ಕ್ರಮದಲ್ಲಿ ಮೂರು ಸಲ ತಿರುಗಿಸುವುದಕ್ಕಿಂತ ಇದು ಮೇಲು, ಏಕೆಂದರೆ ಮುಂದೆ ಬರುವುದು ಯಾವ ಭಾಗ ಎಂದು ಕೇಳುಗನಿಗೆ ಊಹಿಸಲು ಆಗುವುದಿಲ್ಲ. ಇಡೀ ವಿಡಿಯೊಗೆ ಬೆಸುಗೆಗಳು ಮೂರೇ, ಮೂರಕ್ಕೂ ಮದ್ದು ಬೇರೆ ಬೇರೆ.

ಮೊದಲನೆಯದು ‘ಇ’ ಭಾಗದಿಂದ ‘ಆ’ ಭಾಗಕ್ಕೆ. ಸಮದಲ್ಲಿ ಕತ್ತರಿಸಿ ನೋಡಿದಾಗ ಲಯ ಸರಿಯಿತ್ತು, ಆದರೂ ಏನೋ ಸುಳ್ಳು ಹೇಳಿದಂತಿತ್ತು. ‘ಇ’ ಭಾಗದ ಕೊನೆಯಲ್ಲಿ ಮೃದಂಗ ಒಂದು ಪುಟ್ಟ ಮೋರಾ ನುಡಿಸಿ ಮುಕ್ತಾಯ ಬಂತು ಎಂದು ಸಾರಿಬಿಟ್ಟಿರುತ್ತದೆ. ಮುಕ್ತಾಯದ ಬದಲು ಕೊಳಲು ಏನೂ ಆಗದವರಂತೆ ಮುಂದುವರಿಯುತ್ತಿತ್ತು. ಎರಡೂ ಬಿಂದುಗಳನ್ನು ಅರ್ಧ ಆವರ್ತ, ಅಂದರೆ 2.5 ಸೆಕೆಂಡ್ ಹಿಂದೆ ಸರಿಸಿದೆ. ಈಗ ಮೋರಾ ಶುರುವಾಗುವ ಮೊದಲೇ, 67.5ರಲ್ಲಿ, ‘ಇ’ ಭಾಗವನ್ನು ಬಿಟ್ಟು 27.5ಕ್ಕೆ, ‘ಅ’ ಭಾಗದ ಕೊನೆಯಲ್ಲಿ ಕೊಳಲು ಷಡ್ಜದಲ್ಲಿ ನಿಂತಿರುವಲ್ಲಿಗೆ ಬರುತ್ತೇವೆ. ಕಾಲು ಸೆಕೆಂಡಿನಲ್ಲಿ ಷಡ್ಜ ಮೆಲ್ಲಗೆ ಏಳುತ್ತದೆ, ಊದುವವರು ಹಗುರಾಗಿ ಆರಂಭಿಸಿದಂತೆ. ‘ಆ’ ಭಾಗಕ್ಕೆ ಮೂಲದಲ್ಲಿ ಇದ್ದ ಪೀಠಿಕೆಯೂ ಅದೇ ಆದ್ದರಿಂದ ಮುಂದಿನದು ಸಹಜವಾಗಿ ಹರಿಯುತ್ತದೆ.

ಎರಡನೆಯದು ‘ಇ’ ಭಾಗದಿಂದ ‘ಅ’ ಭಾಗಕ್ಕೆ. ಇಲ್ಲಿಯೂ ಅರ್ಧ ಆವರ್ತ ಹಿಂದೆ ಸರಿದು 67.5ರಿಂದ 7.5ಕ್ಕೆ ಜಿಗಿದೆ. 7.5ರಲ್ಲಿ ಇನ್ನೂ ಕೊಳಲೊಂದೇ ಇರುವುದರಿಂದ ಮೃದಂಗ ಅರ್ಧ ಆವರ್ತ ಮೌನವಾಗಿ ಮತ್ತೆ ಸಮಕ್ಕೆ ಸೇರುತ್ತದೆ. ಇದನ್ನು ಬೆಸುಗೆ ಎನ್ನುವುದಕ್ಕಿಂತ ಸಂಗೀತಗಾರರೇ ಬಿಟ್ಟ ಬಿಡುವು ಎಂದು ಕೇಳುಗ ತಿಳಿಯುತ್ತಾನೆ. ಹಾಳೆ ತೊಳೆಯುವ ದೃಶ್ಯಗಳು ಮುಗಿದು ಅಚ್ಚಿನ ಯಂತ್ರದ ದೃಶ್ಯಗಳು ಶುರುವಾಗುವ ಕಡೆಗೇ ಅದು ಬರುವಂತೆ ದೃಶ್ಯವನ್ನು ಕೆಲವು ಫ್ರೇಮ್ ಸರಿಸಿದೆ.

ಮೂರನೆಯದು ‘ಆ’ ಭಾಗದ ಕೊನೆಯಿಂದ ‘ಅ’ ಭಾಗದ ನಡುವಿಗೆ, 50ರಿಂದ 20ಕ್ಕೆ. ಎರಡೂ ಕಡೆ ಮೃದಂಗದ ನಡೆ ಒಂದೇ, ಸಮಕ್ಕೆ ಮೊದಲು ಕೊಳಲಿನ ಉಸಿರೂ ಇದೆ. ಬಿಂದುಗಳನ್ನು ಸರಿಸುವ ಅಗತ್ಯವೇ ಬೀಳಲಿಲ್ಲ. ಪೆಟ್ಟಿಗೆ 12 ಮಿಲಿಸೆಕೆಂಡ್ ಹಿಂದೆ ಕತ್ತರಿ, 10 ಮಿಲಿಸೆಕೆಂಡಿನ ಕ್ರಾಸ್‌ಫೇಡ್, ಅಷ್ಟೇ.

ಈ ಕೆಲಸಕ್ಕೆ ಹಣ ಖರ್ಚಾಗಲಿಲ್ಲ, ಒಂದು ಸಂಜೆ ಖರ್ಚಾಯಿತು. ದಿನಕ್ಕೊಂದು ಚಿಕ್ಕ ವಿಡಿಯೊ ಹಾಕುವವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ ಎಂಬುದು ಇದರ ದೊಡ್ಡ ಕೊರತೆ. ಇನ್ನೊಂದು ಕೊರತೆ, ಕ್ಲಿಕ್ ಇಲ್ಲದೆ ನುಡಿಸಿದ ಸಂಗೀತದಲ್ಲಿ ಲೆಕ್ಕದ ಸಂಖ್ಯೆಗಳು ಕೈಕೊಡುತ್ತವೆ. ಕಛೇರಿಯ ಧ್ವನಿಮುದ್ರಣದಲ್ಲಿ ವೇಗ ತಾನಾಗಿ ಏರುತ್ತ ಹೋಗುವುದು ಸಾಮಾನ್ಯ. ಅಂಥಲ್ಲಿ ಪ್ರತಿ ಸಮವನ್ನೂ ಕಿವಿಯಿಂದ ಕೇಳಿ, ಅಲೆಯ ಚಿತ್ರದಲ್ಲಿ ಗುರುತು ಹಾಕಿಕೊಂಡು, ವೇಗ ಹತ್ತಿರ ಹತ್ತಿರ ಇರುವ ಆವರ್ತಗಳ ನಡುವೆ ಮಾತ್ರ ಜಿಗಿಯಬೇಕು. ಕೊನೆಯಿಂದ ಮೊದಲಿಗೆ ಜಿಗಿದರೆ ಪೆಟ್ಟು ಸರಿಯಾಗಿ ಬಿದ್ದರೂ ನಡೆ ಒಮ್ಮೆಲೇ ನಿಧಾನವಾದದ್ದು ತಿಳಿಯುತ್ತದೆ.

ತಂತ್ರಾಂಶಕ್ಕೇ ಬಿಡುವುದು, ಬಿಡಿ ಪದರಗಳನ್ನು ಕೇಳಿ ಪಡೆಯುವುದು

ಅಡೋಬಿ ಪ್ರೀಮಿಯರ್ ಪ್ರೋ ಮತ್ತು ಆಡಿಷನ್‌ನಲ್ಲಿ `Remix` ಎಂಬ ಸೌಲಭ್ಯವಿದೆ. ಬೇಕಾದ ಉದ್ದವನ್ನು ಕೊಟ್ಟರೆ ಅದು ಟ್ರ್ಯಾಕಿನೊಳಗೆ ಒಂದಕ್ಕೊಂದು ಹೋಲುವ ಜಾಗಗಳನ್ನು ಹುಡುಕಿ ತಾನೇ ಬೆಸೆಯುತ್ತದೆ. ಡ್ರಮ್ಸ್ ಇರುವ, ಒಂದೇ ವೇಗದ ಸಂಗೀತಕ್ಕೆ ಬಹುಪಾಲು ಚೆನ್ನಾಗಿಯೇ ಮಾಡುತ್ತದೆ. ಉದ್ದ ಮಾತ್ರ ಕೇಳಿದ್ದಕ್ಕಿಂತ ಕೆಲವು ಸೆಕೆಂಡ್ ಆಚೀಚೆ ಆಗಬಹುದು. ಈಗಾಗಲೇ ಆ ತಂತ್ರಾಂಶಕ್ಕೆ ತಿಂಗಳ ಬಾಡಿಗೆ ಕಟ್ಟುತ್ತಿರುವವರು ಮೊದಲು ಇದನ್ನು ನೋಡಿ, ಆಮೇಲೆ ಅದು ಹಾಕಿದ ಬೆಸುಗೆಗಳನ್ನು ಒಂದೊಂದಾಗಿ ಕೇಳುವುದು ಜಾಣತನ. ಇದೊಂದಕ್ಕಾಗಿಯೇ ಬಾಡಿಗೆ ಕಟ್ಟಲು ಹೊರಡುವುದನ್ನು ನಾನು ಒಪ್ಪುವುದಿಲ್ಲ.

ಸಂಗೀತ ಮಾಡಿದವರು ಪರಿಚಿತರಾಗಿದ್ದರೆ ಕೊಳಲು ಮತ್ತು ಮೃದಂಗವನ್ನು ಬೇರೆ ಬೇರೆ ಕಡತಗಳಾಗಿ ಕೇಳಿ ಪಡೆಯುವುದು ಉತ್ತಮ. ಆಗ ಮೃದಂಗವನ್ನು ಸಮದಲ್ಲಿಯೂ ಕೊಳಲನ್ನು ಅದರ ಉಸಿರಿನಲ್ಲಿಯೂ ಕತ್ತರಿಸಬಹುದು, ಒಂದು ಸುತ್ತಿನಲ್ಲಿ ಕೊಳಲನ್ನು ಬಿಟ್ಟೇಬಿಡಬಹುದು. ಪುನರಾವರ್ತನೆಯ ಗುರುತು ಅಳಿಸಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ. ನನ್ನ ಗೆಳೆಯರಿಬ್ಬರೂ ಒಂದೇ ಕೋಣೆಯಲ್ಲಿ ಒಂದೇ ಮೈಕಿನ ಮುಂದೆ ಕೂತು ನುಡಿಸಿದ್ದರಿಂದ ಆ ದಾರಿ ಮೊದಲೇ ಮುಚ್ಚಿಹೋಗಿತ್ತು.

ಯಾರಿಗೆ ಯಾವುದು

ವಿಡಿಯೊ ತುಂಬ ಮಾತೇ ಇದ್ದು ಸಂಗೀತ ತಗ್ಗಿದ ದನಿಯಲ್ಲಿ ಹಿನ್ನೆಲೆಗೆ ಮಾತ್ರ ಇದ್ದರೆ, ಸಮದಲ್ಲಿ ಕತ್ತರಿಸಿ ಬೆಸುಗೆಯನ್ನು ಒಂದು ವಾಕ್ಯ ಆರಂಭವಾಗುವ ಜಾಗಕ್ಕೆ ತಂದರೆ ಸಾಕು; ಬಿಂದು ಸರಿಸುವ ಶ್ರಮ ಅಲ್ಲಿ ವ್ಯರ್ಥ. ಮದುವೆಯ ವಿಡಿಯೊದಂತೆ ಮಾತಿಲ್ಲದೆ ಸಂಗೀತದ ಮೇಲೆಯೇ ನಿಂತಿರುವ ಕೆಲಸದಲ್ಲಿ ಒಂದು ಸಂಜೆಯನ್ನು ಕೊಡಲೇಬೇಕು. ಧ್ಯಾನ, ಪ್ರಕೃತಿ, ನಿಧಾನಗತಿಯ ದೃಶ್ಯಗಳಿಗೆ ಶ್ರುತಿಪ್ರಧಾನ ಸಂಗೀತವನ್ನೇ ಆರಿಸಿಕೊಂಡರೆ ಉದ್ದನೆಯ ಕ್ರಾಸ್‌ಫೇಡಿನಲ್ಲಿ ಕೆಲಸ ಮುಗಿಯುತ್ತದೆ. ಸಂಗೀತವನ್ನು ಇನ್ನೂ ಆರಿಸಿಲ್ಲದವರು ಈ ದೃಷ್ಟಿಯಿಂದಲೂ ಆಲೋಚಿಸಬಹುದು. ಮೂಲ 20 ಸೆಕೆಂಡಿನದಾಗಿದ್ದು ವಿಡಿಯೊ ಐದು ನಿಮಿಷದ್ದಾದರೆ ಯಾವ ಬೆಸುಗೆಯೂ ಕಾಪಾಡುವುದಿಲ್ಲ. ಬೇರೆ ಟ್ರ್ಯಾಕ್ ಹುಡುಕುವುದೇ ವಾಸಿ.

ಯಾವ ವಿಧಾನವಾದರೂ ಎಂಪಿ3 ಕಡತವನ್ನೇ ನೇರವಾಗಿ ತಲೆಗೆ ಬಾಲ ಸೇರಿಸಬಾರದು. ಆ ಸಂಕೇತನ ಪದ್ಧತಿ ಕಡತದ ತಲೆಯಲ್ಲಿ ಸಣ್ಣ ಮೌನವನ್ನು ಸೇರಿಸುತ್ತದೆ; ಸಾಮಾನ್ಯವಾಗಿ ಬಳಕೆಯಲ್ಲಿರುವ ಲೇಮ್ ಎನ್‌ಕೋಡರಿನ ಕಡತವನ್ನು ತೆರೆದಾಗ ಅದು 1105 ಸ್ಯಾಂಪಲ್, ಅಂದರೆ ಸುಮಾರು 25 ಮಿಲಿಸೆಕೆಂಡಿನಷ್ಟು ಆಗುತ್ತದೆ. ಬಾಲದಲ್ಲಿಯೂ ಒಂದಿಷ್ಟು ಸೇರುತ್ತದೆ. ಕೆಲವು ತಂತ್ರಾಂಶಗಳು ಅದನ್ನು ಗುರುತಿಸಿ ಕತ್ತರಿಸುತ್ತವೆ, ಕೆಲವು ಕತ್ತರಿಸುವುದಿಲ್ಲ. ಮೊದಲು ವೇವ್ ಕಡತವಾಗಿ ಪರಿವರ್ತಿಸಿ, ಬೆಸುಗೆಗಳೆಲ್ಲ ಮುಗಿಯುವವರೆಗೆ ಅದರಲ್ಲಿಯೇ ಕೆಲಸ ಮಾಡಬೇಕು.

ಪರೀಕ್ಷೆ ಮಾಡುವಾಗ ಬೆಸುಗೆಯ ಆಚೀಚೆಯ ಎರಡು ಸೆಕೆಂಡನ್ನೇ ಮತ್ತೆ ಮತ್ತೆ ಕೇಳಿದರೆ ಕಿವಿ ಒಗ್ಗಿಹೋಗಿ ದೋಷ ಮರೆಯಾಗುತ್ತದೆ. ಹದಿನೈದು ಸೆಕೆಂಡ್ ಹಿಂದಿನಿಂದ, ಪರದೆಯಲ್ಲಿ ಓಡುವ ಗೆರೆ ಕಾಣದಂತೆ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಕೇಳಬೇಕು. ನಾದದ ಬಾಲ ತುಂಡಾದದ್ದು ಹೆಡ್‌ಫೋನಿನಲ್ಲಿ ತಿಳಿಯುತ್ತದೆ, ಲಯ ಕುಂಟಿದ್ದು ಫೋನಿನ ಸ್ಪೀಕರಿನಲ್ಲಿಯೂ ತಿಳಿಯುತ್ತದೆ. ನನ್ನ ವಿಡಿಯೊದಲ್ಲಿ ಬೆಸುಗೆಗಳಿರುವುದು 1 ನಿಮಿಷ 9.5 ಸೆಕೆಂಡ್, 1 ನಿಮಿಷ 49.5 ಸೆಕೆಂಡ್ ಮತ್ತು 2 ನಿಮಿಷ 32 ಸೆಕೆಂಡಿನಲ್ಲಿ. ಮೃದಂಗ ನುಡಿಸಿದ ಗೆಳೆಯನಿಗೆ ಏನೂ ಹೇಳದೆ ಕೇಳಿಸಿದೆ. ಎರಡನೆಯದು ಬಂದಾಗ ಅವನ ಕೈ ತಾಳ ಹಾಕುವುದನ್ನು ಬಿಡಲಿಲ್ಲ, ಆದರೆ ಹುಬ್ಬೇರಿತು: “ಇಲ್ಲಿ ನಾನು ನುಡಿಸೋದನ್ನ ಯಾವಾಗ ನಿಲ್ಲಿಸಿದ್ದೆ ಮಾರಾಯ?”